ಮೂರು ಫ್ಲೋರಿನ್ ಇದ್ದರೂ ಸಮತಲ ತ್ರಿಕೋನವಲ್ಲ: ಅಣುವಿನ ಆಕಾರ ಕಂಡುಹಿಡಿಯುವ ಕ್ರಮ

ಪಿಯುಸಿ ಮತ್ತು ಪದವಿ ಮೊದಲ ವರ್ಷದ ಉತ್ತರ ಪತ್ರಿಕೆಗಳಲ್ಲಿ ನಾನು ಪದೇ ಪದೇ ಕಂಡ ತಪ್ಪೊಂದಿದೆ. ClF₃ ಅಣುವಿನ ಆಕಾರ ಬರೆಯಿರಿ ಎಂದರೆ, ಮೂರು ಫ್ಲೋರಿನ್ ಇವೆಯಲ್ಲ ಎಂದು ವಿದ್ಯಾರ್ಥಿಗಳು BF₃ ಅಣುವಿನಂತೆ ಸಮತಲ ತ್ರಿಕೋನವನ್ನು ಬರೆದುಬಿಡುತ್ತಾರೆ. ಸುತ್ತಲಿನ ಪರಮಾಣುಗಳನ್ನು ಎಣಿಸಿ, ಕೇಂದ್ರದಲ್ಲಿ ಉಳಿದ ಎಲೆಕ್ಟ್ರಾನ್‌ಗಳನ್ನು ಮರೆಯುವುದೇ ಇದಕ್ಕೆ ಕಾರಣ. ಆದ್ದರಿಂದ ಇದೇ ಅಣುವನ್ನು ಹಿಡಿದು ಕ್ರಮವಾಗಿ ಹೋಗೋಣ.

ಮೊದಲ ಹಂತ: ಎಣಿಕೆ. ಕೇಂದ್ರ ಪರಮಾಣುವಿನ ವೇಲೆನ್ಸಿ ಎಲೆಕ್ಟ್ರಾನ್‌ಗಳಿಗೆ, ಏಕಬಂಧದಿಂದ ಸೇರಿದ ಹೈಡ್ರೋಜನ್ ಅಥವಾ ಹ್ಯಾಲೋಜನ್ ಒಂದಕ್ಕೆ ಒಂದರಂತೆ ಕೂಡಿಸಿ. ಋಣ ಅಯಾನಾದರೆ ಆವೇಶದಷ್ಟು ಸೇರಿಸಿ, ಧನ ಅಯಾನಾದರೆ ಕಳೆಯಿರಿ. ಬಂದದ್ದನ್ನು ಎರಡರಿಂದ ಭಾಗಿಸಿ. ಕ್ಲೋರಿನ್‌ನ 7, ಫ್ಲೋರಿನ್‌ಗಳ 3, ಒಟ್ಟು 10. ಅಂದರೆ ಐದು ಜೋಡಿ. ಮೂರು ಬಂಧಗಳಿಗೆ ಹೋದರೆ ಎರಡು ಒಂಟಿ ಜೋಡಿಗಳು ಉಳಿಯುತ್ತವೆ. ಸಿಇಟಿ ತರಬೇತಿಯಲ್ಲಿ ಸೂತ್ರವಾಗಿ ಕಲಿಸುವುದೂ ಇದನ್ನೇ. ಆದರೆ ಆ ಸೂತ್ರವನ್ನು ಬಾಯಿಪಾಠ ಮಾಡಿದವರು ಆಕ್ಸಿಜನ್‌ಗೂ ಎಲೆಕ್ಟ್ರಾನ್ ಕೂಡಿಸಿ ಎಡವುತ್ತಾರೆ. SO₂ ಅಣುವಿನಲ್ಲಿ ಆಕ್ಸಿಜನ್‌ನ ಪಾಲು ಸೊನ್ನೆ. ಗಂಧಕದ 6 ಎಲೆಕ್ಟ್ರಾನ್‌ಗಳಿಂದ ಮೂರು ಜೋಡಿ, ಅದರಲ್ಲಿ ಒಂದು ಒಂಟಿ, ಆಕಾರ ಬಾಗಿದ್ದು.

ಎರಡನೆಯ ಹಂತ: ಚೌಕಟ್ಟು. ಎರಡು ಜೋಡಿಗೆ ಸರಳ ರೇಖೆ, ಮೂರಕ್ಕೆ ಸಮತಲ ತ್ರಿಕೋನ, ನಾಲ್ಕಕ್ಕೆ ಚತುರ್ಮುಖಿ, ಐದಕ್ಕೆ ತ್ರಿಕೋನೀಯ ದ್ವಿಪಿರಮಿಡ್, ಆರಕ್ಕೆ ಅಷ್ಟಮುಖಿ.

ಮೂರನೆಯ ಹಂತ: ಒಂಟಿ ಜೋಡಿಗಳಿಗೆ ಜಾಗ. ಹೆಚ್ಚಿನವರು ಸೋಲುವುದು ಇಲ್ಲಿಯೇ, ಅದೂ ಐದು ಜೋಡಿಗಳಿದ್ದಾಗ. ದ್ವಿಪಿರಮಿಡ್‌ನ ಐದು ಸ್ಥಾನಗಳು ಒಂದೇ ಬಗೆಯವಲ್ಲ. ಮೇಲೆ ಕೆಳಗೆ ಇರುವ ಎರಡು ಅಕ್ಷೀಯ ಸ್ಥಾನಗಳಿಗೆ 90° ಅಂತರದಲ್ಲಿ ಮೂರು ಮೂರು ನೆರೆಗಳಿವೆ. ನಡುವಿನ ಮೂರು ಸಮಭಾಜಕ ಸ್ಥಾನಗಳಿಗೆ 90° ಅಂತರದಲ್ಲಿ ಎರಡೇ ನೆರೆ, ಉಳಿದ ಎರಡು 120° ದೂರದಲ್ಲಿರುತ್ತವೆ. ಒಂಟಿ ಜೋಡಿಯನ್ನು ಒಂದೇ ಬೀಜಕೇಂದ್ರ ಹಿಡಿದಿರುವುದರಿಂದ ಅದು ಬಂಧ ಜೋಡಿಗಿಂತ ಅಗಲವಾಗಿ ಹರಡಿಕೊಂಡು, ಹತ್ತಿರದವನ್ನು ಹೆಚ್ಚು ಬಲವಾಗಿ ವಿಕರ್ಷಿಸುತ್ತದೆ.

ಈಗ ಎರಡು ಒಂಟಿ ಜೋಡಿಗಳನ್ನು ಇಡಬಹುದಾದ ಮೂರು ಬಗೆಗಳನ್ನೂ ಚಿತ್ರ ಬರೆದು, 90° ವಿಕರ್ಷಣೆಗಳನ್ನು ಎಣಿಸಿ. ಎರಡೂ ಅಕ್ಷೀಯವಾದರೆ ಒಂಟಿ ಜೋಡಿ ಮತ್ತು ಬಂಧ ಜೋಡಿಗಳ ನಡುವೆ ಆರು ವಿಕರ್ಷಣೆಗಳು. ಒಂದು ಅಕ್ಷೀಯ, ಇನ್ನೊಂದು ಸಮಭಾಜಕವಾದರೆ ಅಂಥವು ಮೂರೇ, ಆದರೆ ಎರಡು ಒಂಟಿ ಜೋಡಿಗಳೇ 90°ಯಲ್ಲಿ ಎದುರುಬದುರಾಗುತ್ತವೆ. ಎರಡೂ ಸಮಭಾಜಕವಾದರೆ ನಾಲ್ಕು ವಿಕರ್ಷಣೆಗಳು, ಒಂಟಿ ಜೋಡಿಗಳ ನಡುವೆ 120°. ಕೇವಲ ಮೊತ್ತ ನೋಡುವವರಿಗೆ ಎರಡನೆಯದೂ ಮೂರನೆಯದೂ ನಾಲ್ಕು ನಾಲ್ಕಾಗಿ ಸಮನಾಗಿ ಕಾಣುತ್ತವೆ. ಹಾಗೆ ಕೂಡಿಸಬಾರದು. ಒಂಟಿ ಜೋಡಿಗಳು ಪರಸ್ಪರ 90°ಯಲ್ಲಿರುವ ಜೋಡಣೆಯನ್ನು ಮೊದಲು ಹೊಡೆದುಹಾಕಿ, ಉಳಿದವುಗಳಲ್ಲಿ ಕಡಿಮೆ ಎಣಿಕೆಯದನ್ನು ಆರಿಸಿ. ಇಲ್ಲಿ ಮೂರನೆಯದೇ ಸರಿ.

ಚಿತ್ರ ಕಣ್ಣಿಗೆ ಕಟ್ಟದಿದ್ದರೆ ಚಪಾತಿ ಹಿಟ್ಟಿನ ಉಂಡೆಗೆ ಐದು ಊದುಬತ್ತಿ ಕಡ್ಡಿ ಚುಚ್ಚಿ, ಒಂಟಿ ಜೋಡಿಯ ಎರಡು ಕಡ್ಡಿಗಳ ತುದಿಗೆ ದಪ್ಪ ಹಿಟ್ಟು ಮೆತ್ತಿ ನೋಡಿ. ನಾಲ್ಕೇ ತೂತುಗಳ ಗೋಲಿಗಳಿರುವ ಅಗ್ಗದ ಪ್ಲಾಸ್ಟಿಕ್ ಮಾದರಿ ಪೆಟ್ಟಿಗೆಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಈ ಅಣುವನ್ನು ಕಟ್ಟುವುದೇ ಸಾಧ್ಯವಿಲ್ಲ.

ನಾಲ್ಕನೆಯ ಹಂತ: ಹೆಸರು. ಆಕಾರಕ್ಕೆ ಹೆಸರಿಡುವಾಗ ಪರಮಾಣುಗಳನ್ನು ಮಾತ್ರ ನೋಡಬೇಕು. ಉಳಿದ ಮೂರು ಫ್ಲೋರಿನ್‌ಗಳು T ಅಕ್ಷರದ ಆಕಾರದಲ್ಲಿ ನಿಲ್ಲುತ್ತವೆ. ಒಂಟಿ ಜೋಡಿಗಳ ಒತ್ತಡದಿಂದ ಕೋನ 90°ಯಿಂದ ಸುಮಾರು 87.5°ಗೆ ಇಳಿದಿದೆ. ಅಕ್ಷೀಯ ಬಂಧಗಳ ಉದ್ದ ಸುಮಾರು 170 ಪಿಕೋಮೀಟರ್, ಸಮಭಾಜಕ ಬಂಧದ್ದು ಸುಮಾರು 160. ಸಮತಲ ತ್ರಿಕೋನವಾಗಿದ್ದರೆ ಮೂರೂ ಸಮನಾಗಿರಬೇಕಿತ್ತು.

ಐದನೆಯ ಹಂತ: ಸಂಕರಣ. ಐದು ಜೋಡಿಗೆ sp³d ಎಂದು ಬರೆಯಿರಿ, ಪರೀಕ್ಷೆ ಕೇಳುವುದು ಅದನ್ನೇ. ಆದರೆ ಸಂಕರಣದಿಂದ ಆಕಾರಕ್ಕೆ ಬರಬೇಡಿ. ಆಕಾರದಿಂದ ಸಂಕರಣಕ್ಕೆ ಹೋಗಿ. ಇಂಥ ಅಣುಗಳಲ್ಲಿ d ಕಕ್ಷಕಗಳ ಪಾತ್ರ ಬಹಳ ಕಡಿಮೆ ಎಂದು ಈಗಿನ ಲೆಕ್ಕಾಚಾರಗಳು ತೋರಿಸುತ್ತವೆ, ಹೀಗಾಗಿ sp³d ಎಂಬುದು ಜೋಡಣೆಗಿರುವ ಗುರುತಷ್ಟೇ. ನಾಲ್ಕು ಜೋಡಿಗಳಲ್ಲೂ ಎಚ್ಚರ ಬೇಕು: NH₃ ಅಣುವಿನ ಕೋನ ಸುಮಾರು 107°, ಅದೇ ಎಣಿಕೆಯ PH₃ ಅಣುವಿನದು ಸುಮಾರು 93.5°. ಎರಡೂ ಪಿರಮಿಡ್ ಎಂಬುದನ್ನು ಎಣಿಕೆ ಸರಿಯಾಗಿ ಹೇಳುತ್ತದೆ, ಆದರೆ ರಂಜಕದಲ್ಲಿ sp³ ಸಂಕರಣ ಬಹುಮಟ್ಟಿಗೆ ಇಲ್ಲವೆಂದೇ ಆ ಕೋನ ತಿಳಿಸುತ್ತದೆ.

ಇದೇ ಕ್ರಮವನ್ನು XeF₂ ಮೇಲೆ ಪ್ರಯೋಗಿಸಿ. ನೀರಿನ ನೆನಪಿನಲ್ಲಿ ಅದನ್ನು ಬಾಗಿದ ಅಣು ಎಂದು ಬರೆಯುವವರು ಬಹಳ. ಝೆನಾನ್‌ನ 8ಕ್ಕೆ 2 ಕೂಡಿದರೆ ಐದು ಜೋಡಿ. ಮೂರು ಒಂಟಿ ಜೋಡಿಗಳೂ ಸಮಭಾಜಕ ಸ್ಥಾನಗಳಲ್ಲಿ ಕೂರುತ್ತವೆ, ಫ್ಲೋರಿನ್‌ಗಳು ಮೇಲೊಂದು ಕೆಳಗೊಂದು ಉಳಿಯುತ್ತವೆ, ಕೋನ 180°.