ಪೈಪ್ ಬಾಗಿದ್ದು ಗಾಳಿಗಲ್ಲ: 12 ಮೀಟರ್ ಮಾಸ್ಟಿನ ಸ್ಟೇ ವೈರ್ ಲೆಕ್ಕ, ನನ್ನ ಅನುಭವ

ಕುಷ್ಟಗಿ ಕಡೆ ಒಂದು ಹಳ್ಳಿಗೆ ಇಂಟರ್ನೆಟ್ ಲಿಂಕ್ ಕೊಡಾಕ ಒಂದು ಮನಿ ಮಾಳಿಗಿ ಮ್ಯಾಲೆ ಮಾಸ್ಟ್ ನಿಲ್ಲಿಸಿದ್ವಿ. ಮೂರು ಇಂಚಿನ ಜಿಐ ಪೈಪು, 6 ಮೀಟರಿನ ಎರಡು ಪೈಪ್ ಜೋಡಿಸಿ ಒಟ್ಟು 12 ಮೀಟರ್. ತುದಿಗೆ 90 ಸೆಂಟಿಮೀಟರ್ ಅಗಲದ ಡಿಶ್, 10 ಮೀಟರ್ ಎತ್ತರದಾಗ ಪೈಪ್ ಎಳದು ಹಿಡಿಯಾಕ ಮೂರು ಸ್ಟೇ ವೈರ್, ಮೂರೂ 6 ಎಂಎಂ ವೈರ್ ರೋಪ್. ಮಾಳಿಗಿ ಸಣ್ಣದು, ಅದಕ್ಕ ಆಂಕರ್ ಎಲ್ಲಾ ಪೈಪಿನ ಬುಡದಿಂದ ಬರೇ 3 ಮೀಟರ್ ದೂರ, ಪ್ಯಾರಾಪೆಟ್ ಗ್ವಾಡಿಗೆ ಹುಕ್ಕು ಹಾಕಿ ಕಟ್ಟಿದ್ದು.

ಸಂಜೀಕ ಕೆಲಸ ಮುಗಿಸಿ ರಸ್ತೆಗೆ ಇಳಿದು ತಿರುಗಿ ನೋಡ್ತೀನಿ, ಪೈಪ್ ನಡುವ ಹೊಟ್ಟಿ ಬಿಟ್ಟಂಗ ಬಾಗೇತಿ! ಮ್ಯಾಲೆ ತುದಿ ನೆಟ್ಟಗ ಐತಿ, ಬುಡ ನೆಟ್ಟಗ ಐತಿ, ನಡುವ ಮಾತ್ರ ಅರ್ಧ ಗೇಣಿಗೆ ಹತ್ತತ್ರ ಹೊರಗ ಬಂದೈತಿ. ಅವತ್ತು ಎಲಿ ಅಲುಗೋವಷ್ಟೂ ಗಾಳಿ ಇರ್ಲಿಲ್ಲ. ಫ್ಯಾಬ್ರಿಕೇಶನ್ ಕಾಕಾನ ಕೇಳಿದ್ರ, "ಮಳಿಗಾಲಕ್ಕ ಗಾಳಿ ಬರ್ತೈತಿ ಅಂತ ತಂತಿ ಬಿಗಿಯೋ ಟರ್ನ್‌ಬಕಲಿಗೆ ರಾಡ್ ಹಾಕಿ ಚೊಲೋತ್ನಾಗ ಬಿಗಿದೀನ್ರಿ ಸರ, ಟೈಟ್ ಇದ್ದಷ್ಟು ಗಟ್ಟಿ" ಅಂದ್ರು. ನಾನೂ ಅಲ್ಲೀತನಕ ಹಂಗ ತಿಳ್ಕೊಂಡಿದ್ದೆ, ಸುಳ್ಳು ಯಾಕ ಹೇಳ್ಲಿ.

ಎಷ್ಟು ಬಿಗಿ ಆಗೇತಿ ಅಂತ ನೋಡಾಕ ಟೆನ್ಶನ್ ಮೀಟರ್ ನನ್ನ ಹತ್ರ ಇಲ್ಲ. ಆದ್ರ ತಂತಿ ಅಂದ್ಮ್ಯಾಲೆ ಅದು ತಂಬೂರಿ ತಂತೀನ. ಬಿಗಿದಷ್ಟು ಜೋರಾಗಿ ಹೊಯ್ದಾಡ್ತೈತಿ. ಸ್ಟೇ ವೈರ್ ನಡುವ ಕೈಲೆ ಎಳದು ಬಿಟ್ಟು, ಫೋನಿನ ಸ್ಲೋ ಮೋಶನ್‌ನಾಗ ವಿಡಿಯೋ ತಗೊಂಡು, ಒಂದು ಸೆಕೆಂಡಿಗೆ ಎಷ್ಟು ಸಲ ಆ ಕಡಿ ಹೋಗಿ ಈ ಕಡಿ ಬರ್ತೈತಿ ಅಂತ ಎಣಿಸಿದೆ. ಸೂತ್ರ ಇಷ್ಟ:

```
T = 4 × m × L² × f²
```

m ಅಂದ್ರ ಒಂದು ಮೀಟರ್ ರೋಪಿನ ತೂಕ, ನಾನು ತೂಗಿ ನೋಡಿದ್ದು 0.135 ಕೆಜಿ. L ಅಂದ್ರ ತಂತಿ ಉದ್ದ: 10 ಮೀಟರ್ ಎತ್ತರ, 3 ಮೀಟರ್ ದೂರ, ಅಂದ್ರ 10.44 ಮೀಟರ್. f ಸೆಕೆಂಡಿಗೆ 9 ಬಂತು. ಲೆಕ್ಕ ಹಾಕಿದ್ರ ಒಂದೊಂದು ತಂತ್ಯಾಗೂ ಹತ್ತತ್ರ 4,770 ನ್ಯೂಟನ್, ನಮ್ಮ ಭಾಷ್ಯಾಗ ಹೇಳ್ಬೇಕಂದ್ರ ಸುಮಾರು 480 ಕೆಜಿ ತೂಕ ಜೋತು ಬಿಟ್ಟಂಗ. ಟರ್ನ್‌ಬಕಲ್ ತೂಕ ಗೀಕ ಸೇರಿ ಹತ್ತು ಪರ್ಸೆಂಟ್ ಆಚಿ ಈಚಿ ಆಗಬೌದು, ಆದ್ರ ಕಥಿ ತಿಳಿಯಾಕ ಅಷ್ಟು ಸಾಕು.

ಇಲ್ಲೇ ನಂಗ ತಲಿಗೆ ಹೊಳದಿದ್ದು. ತಂತಿ ಎಳೆಯೋದು ಬರೇ ಪಕ್ಕಕ್ಕಲ್ಲ, ಕೆಳಗೂ ಎಳಿತೈತಿ. ಆಂಕರ್ 3 ಮೀಟರ್ ದೂರ ಇದ್ರ ತಂತಿ ಹತ್ತತ್ರ ನೆಟ್ಟಗ ನಿಂತಿರ್ತೈತಿ, ಹಂಗಾಗಿ ಅದರ ಎಳೆತ ಬಹುಪಾಲು ಕೆಳಗ ಹೋಗ್ತೈತಿ: 4,770 ರಾಗ 4,570 ಕೆಳಗ, ಪಕ್ಕಕ್ಕ ಹೋಗೋದು ಬರೇ 1,370. ಮೂರು ತಂತಿ ಪಕ್ಕಕ್ಕ ಎಳಿಯೋದು ಒಂದಕ್ಕೊಂದು ಕಳದು ಹೋಗ್ತೈತಿ, ಕೆಳಗ ಎಳಿಯೋದು ಮಾತ್ರ ಮೂರೂ ಕೂಡಿ ಪೈಪಿನ ತಲಿ ಮ್ಯಾಲೆ ಕುಂದರ್ತೈತಿ. 13.7 ಕಿಲೋನ್ಯೂಟನ್, ಜೊತಿಗೆ ಪೈಪು ಡಿಶ್ ತೂಕ 1.25, ಒಟ್ಟು 15. ಗಾಳಿ ಇಲ್ದನ ಒಂದೂವರೆ ಟನ್ ಕಂಪ್ರೆಶನ್!

ಈ ಪೈಪ್ 10 ಮೀಟರ್ ಉದ್ದಕ್ಕ ನಡುವ ಏನೂ ಆಸರಿ ಇಲ್ದ ನಿಂತ್ರ ಎಷ್ಟಕ್ಕ ಸೊಟ್ಟ ಆಗಿ ಬೀಳ್ತೈತಿ ಅಂತ ಆಯ್ಲರ್ ಲೆಕ್ಕ ಹಾಕಿದೆ. 88.9 ಎಂಎಂ ಹೊರ ಅಗಲ, 4 ಎಂಎಂ ದಪ್ಪ, 19 ಕಿಲೋನ್ಯೂಟನ್ ಬಂತು. ನಾವು 15 ಕ್ಕ ಹೋಗಿ ನಿಂತಿದ್ವಿ. ಈ ಮಿತಿಗೆ ಹತ್ರ ಹೋದಂಗೆಲ್ಲ ಪೈಪಿನಾಗ ಮೊದ್ಲಿಂದ ಇರೋ ಸಣ್ಣ ಓರೆ ದೊಡ್ಡದಾಗ್ತೈತಿ, 19 ರಾಗ 15 ಕಳದ್ರ 4, ಆ 4 ರಿಂದ 19 ನ್ನ ಭಾಗಿಸಿದ್ರ ಹತ್ತತ್ರ ಐದು ಪಟ್ಟು. ನಮ್ಮ ಪೈಪ್ ಜೋಡಿಸಿದ ಕಡೆ ವೆಲ್ಡಿಂಗಿಗೆ 2 ಸೆಂಟಿಮೀಟರ್ ಓರೆ ಇತ್ತು, ಅದ 10 ಸೆಂಟಿಮೀಟರ್ ಆಗಿ ಕಂಡಿತ್ತು. ಟರ್ನ್‌ಬಕಲ್ ಸಡಿಲ ಬಿಟ್ಟ ಮ್ಯಾಲೆ ಪೈಪ್ ತಾನಾ ನೆಟ್ಟಗ ಆತು, ಪುಣ್ಯಕ್ಕ ಲೋಹ ಬಗ್ಗಿರ್ಲಿಲ್ಲ.

ಇನ್ನ ಗಾಳಿ ಲೆಕ್ಕ. ಬುಡಕ್ಕ ಪಿನ್ ಹಾಕಿದಂಗ, ಅಂದ್ರ ಬುಡ ತಿರುಗಾಕ ಬಿಡ್ತೈತಿ ಅಂತ ಹಿಡಿದ್ರ ಇದು ಪಿಯುಸಿ ಹುಡುಗ್ರೂ ಮಾಡೋ ಲೆಕ್ಕ. ಗಾಳಿ ಲೋಡಿನ ಭಾರತೀಯ ಮಾನಕ ಐಎಸ್ 875 ಭಾಗ 3 ರ ಪ್ರಕಾರ ಗಾಳಿ ಒತ್ತಡ `p = 0.6 V²`, ನಾನು ಸೆಕೆಂಡಿಗೆ 39 ಮೀಟರ್ ತಗೊಂಡು ಗಾಳಿ ವೇಗದ ಉಳಿದ ಗುಣಕ ಎಲ್ಲಾ 1 ಅಂತ ಇಟ್ಟೆ, ಒಂದು ಚದರ ಮೀಟರಿಗೆ ಸುಮಾರು 910 ನ್ಯೂಟನ್ ಬಂತು. ಆಕಾರದ ಗುಣಕ ಪೈಪಿಗೆ 1.2, ಡಿಶ್ಶಿಗೆ 1.3 ಹಿಡದ್ರ ಪೈಪಿಗೆ ಮೀಟರಿಗೆ 97 ನ್ಯೂಟನ್, ಡಿಶ್ಶಿಗೆ 750. ಪೈಪಿನ ಗಾಳಿ ಒಟ್ಟು 1,164, ಅದು 6 ಮೀಟರ್ ಎತ್ತರದಾಗ ತಳ್ಳಿದಂಗ. ಡಿಶ್ 12 ಮೀಟರಿನಾಗ. ಬುಡದ ಸುತ್ತ ಮೊಮೆಂಟ್ ತಗೊಂಡ್ರ 7,000 ಮತ್ತ 9,000, ಕೂಡಿ 16,000. ಸ್ಟೇ ಇರೋದು 10 ಮೀಟರಿನಾಗ, ಅಂದ್ರ ಸ್ಟೇಗಳೆಲ್ಲ ಕೂಡಿ ಪಕ್ಕಕ್ಕ ಹಿಡೀಬೇಕಾದ್ದು 1,600 ನ್ಯೂಟನ್. ಉಳಿದ 310 ಚಿಲ್ಲರ ಬುಡ ಹಿಡ್ಕೊಂತೈತಿ.

ಇಲ್ಲೆ ಬಾಳ ಮಂದಿ ತಪ್ಪು ಮಾಡ್ತಾರ, ನಾನೂ ಮಾಡಿದ್ದೆ. ಗಾಳಿ ಒಂದು ತಂತಿ ಕಡಿಂದ ನೇರ ಬಂದ್ರ ಆ ಒಂದ ತಂತಿ ಪೂರಾ 1,600 ಹಿಡಿತೈತಿ, ಉಳಿದೆರಡು ಸಡಿಲ, ಇದನ್ನ ಎಲ್ಲಾರೂ ಲೆಕ್ಕ ಹಾಕ್ತಾರ. ಗಾಳಿ ಎರಡು ತಂತಿ ನಡುವಿಂದ ಬಂದ್ರ ಎರಡೂ ಹಂಚ್ಕೊಂಡು ಅರ್ಧ ಅರ್ಧ ಹಿಡೀತಾವು, ಅದು ಹಗುರ ಅಂತ ಬಿಟ್ಟು ಬಿಡ್ತಾರ. ಆದ್ರ ಆ ಎರಡೂ ತಂತಿ ಗಾಳಿ ದಿಕ್ಕಿಗೆ 60 ಡಿಗ್ರಿ ಓರೆ ಇರ್ತಾವು, 60 ರ ಕೊಸೈನ್ ಅರ್ಧ, ಹಂಗಾಗಿ ಒಂದೊಂದೂ 1,600 ಎಳದ್ರ ಮಾತ್ರ ಅದರ ಅರ್ಧ 800 ಗಾಳಿಗೆ ಎದುರು ಬರ್ತೈತಿ. ತಂತಿಗೆ ಎರಡೂ ಕಡಿ ಒಂದ ಲೋಡ್, ಆದ್ರ ಪೈಪಿಗೆ ಕೆಳಗ ಎಳಿಯೋ ತಂತಿ ಈಗ ಒಂದಲ್ಲ, ಎರಡು. ಕಂಪ್ರೆಶನ್ ಡಬಲ್! ತಂತಿ ಆರಿಸಾಕ ಒಂದು ದಿಕ್ಕು, ಪೈಪ್ ಆರಿಸಾಕ ಇನ್ನೊಂದು ದಿಕ್ಕು ಅಂತ ನಾನು ಆವತ್ತು ಡೈರ್ಯಾಗ ಬರಕೊಂಡೆ. ಮೊದ್ಲಾ ಬಿಗಿಯದ ತಂತಿ ಲೆಕ್ಕದಾಗ ಇನ್ನೊಂದು ಐತಿ, ಗಾಳಿ ಒಂದು ತಂತಿಗೆ 30 ಡಿಗ್ರಿ ಓರೆ ಬಂದ್ರ ಅದರ ಎಳೆತ 15 ಪರ್ಸೆಂಟ್ ಹೆಚ್ಚಾಗ್ತೈತಿ.

ಮಾಳಿಗಿ ಕೈ ಬಿಟ್ವಿ. ಮನಿ ಮಾಲಕ ಅಣ್ಣಾರು ಹಿಂದಿನ ಕಣದಾಗ ಜಾಗ ಕೊಟ್ರು, ಅಲ್ಲಿ ಆಂಕರ್ 6 ಮೀಟರ್ ದೂರ ಇಡಾಕ ಆತು. ಅದ 1,600 ಕ್ಕ 3 ಮೀಟರ್ ಆಂಕರಿನಾಗ ಒಂದು ತಂತಿ 5,570 ಎಳೀಬೇಕಿತ್ತು, 6 ಮೀಟರಿನಾಗ 3,110 ಸಾಕು. ಕೆಳಗ ಎಳಿಯೋದು 5,330 ಇದ್ದದ್ದು 2,670 ಆತು, ಸರಿ ಅರ್ಧ, ಯಾಕಂದ್ರ ಅದು ಎತ್ತರ ಭಾಗಿಸು ದೂರ ಅಷ್ಟ. ಪೈಪ್ ಬದಲು ಮಾಡಿಲ್ಲ, ರೋಪ್ ಬದಲು ಮಾಡಿಲ್ಲ.

ಬಿಗಿತಕ್ಕ ಮುರಿಯೋ ಬಲದ ಹತ್ತು ಪರ್ಸೆಂಟ್ ಅನ್ನೋ ರೂಢಿ ಐತಿ. ನಮ್ಮ ರೋಪಿನ ಸರ್ಟಿಫಿಕೇಟಿನಾಗ 18 ಕಿಲೋನ್ಯೂಟನ್ ಇತ್ತು, ಅಂದ್ರ 1.8. ತಂತಿ ಈಗ 11.66 ಮೀಟರ್, ಆ ಸೂತ್ರಕ್ಕ ಹಾಕಿದ್ರ ಸೆಕೆಂಡಿಗೆ 5 ಸಲ ಹೊಯ್ದಾಡ್ಬೇಕು. ಮೂರಕ್ಕೂ 5 ಬರೋತನ ಕಾಕಾ ಟರ್ನ್‌ಬಕಲ್ ತಿರುವಿದ್ರು, ನಾನು ಫೋನ್ ಹಿಡದು ನಿಂತೆ. ಮೊದ್ಲಾ ಬಿಗಿದ ತಂತಿ ಗಾಳಿ ಬಂದಾಗ ಬ್ಯಾರೆ ಥರ ನಡ್ಕೊಂತೈತಿ: ಎದುರಿನ ತಂತಿ ಬಿಗಿ ಹೆಚ್ಚಾದಂಗ ಹಿಂದಿನವು ಕಡಿಮಿ ಆಕ್ಕಾವು, ಯಾವುದೂ ಪೂರಾ ಸಡಿಲ ಆಗೋತನ ಪೈಪಿನ ಕಂಪ್ರೆಶನ್ ಬದಲಾಗೋದ ಇಲ್ಲ. ನಮ್ಮಲ್ಲಿ ಗಾಳಿ ಇಲ್ದಾಗ 4.6, ಗಾಳಿ ನಡುವಿಂದ ಬಂದು ಹಿಂದಿನ ತಂತಿ ಸಡಿಲ ಆದಾಗ 5.3, ಅಷ್ಟ. ಎದುರಿನ ಒಂದು ತಂತಿ ಗರಿಷ್ಠ 3.9 ಕ್ಕ ಹೋಗ್ತೈತಿ, 18 ರ ಮುಂದ ಅದೇನಲ್ಲ.

ಪೈಪಿಗೆ ಮಾತ್ರ ಇನ್ನೊಂದು ಸರ್ತಿ ಹೊಟ್ಟಿ ಬರಬಾರ್ದು ಅಂತ 5 ಮೀಟರಿನಾಗ ಒಂದು ಸೆಟ್ ಸಣ್ಣ ಸ್ಟೇ ಹಾಕಿದೆ, ಬರೇ 500 ನ್ಯೂಟನ್ ಬಿಗಿ. ಆಸರಿ ಇಲ್ಲದ ಉದ್ದ ಅರ್ಧ ಆದ್ರ ಆಯ್ಲರ್ ಮಿತಿ ನಾಕು ಪಟ್ಟು, 76 ಕ್ಕ ಏರಿತು. ತಮಾಷಿ ಏನಂದ್ರ ಆಸರಿಗಳೆಲ್ಲಾ ಅಲುಗಂಗಿಲ್ಲ ಅಂತ ಇಟ್ಟು ಲೆಕ್ಕ ಹಾಕಿದ್ರ ಈ ನಡುವಿನ ಸ್ಟೇ ಹಿಡಿಯೋ ಗಾಳಿ ಬರೇ 100 ನ್ಯೂಟನ್, ಮ್ಯಾಲಿನವಕ್ಕ 1,550 ಇನ್ನೂ ಹಂಗ ಐತಿ, ಯಾಕಂದ್ರ ಮ್ಯಾಲೆ 2 ಮೀಟರ್ ಚಾಚಿರೋ ಡಿಶ್ಶಿನ ಗಾಳಿ ಹಿಡಿಯೋದು ಮ್ಯಾಲಿನ ಸ್ಟೇನ. ಅಂದ್ರ ನಡುವಿನ ತಂತಿ ಇರೋದು ಗಾಳಿ ಹಿಡಿಯಾಕಲ್ಲ, ಪೈಪಿನ ಹೊಟ್ಟಿ ಹಿಡಿಯಾಕ. ಒಟ್ಟು ಬುಡಕ್ಕ ಬರೋ ಕಂಪ್ರೆಶನ್ ತೂಕ ಎಲ್ಲಾ ಸೇರಿ 7.6. ಇದಕ್ಕಿಂತ ಎತ್ತರ ಹೋಗಿ ನಾಕೈದು ಮಟ್ಟದಾಗ ಸ್ಟೇ ಬಂದ್ರ ತಂತಿ ಜೋಲು, ಆಸರಿ ಅಲುಗೋದು ಎಲ್ಲಾ ಹಿಡೀಬೇಕಾಗ್ತೈತಿ, ಆವಾಗ ನನ್ನ ಡೈರಿ ಲೆಕ್ಕ ನಡಿಯಂಗಿಲ್ಲ.

ಆಂಕರಿಗೆ ಎರಡು ಅಡಿ ಉದ್ದ, ಅಗಲ, ಎತ್ತರದ ಕಾಂಕ್ರೀಟ್ ದಿಂಡು, ಒಂದೊಂದು ಸುಮಾರು 520 ಕೆಜಿ. ತಂತಿ ಮ್ಯಾಲಕ್ಕ ಎಬ್ಬಿಸೋದು 3.3 ಕಿಲೋನ್ಯೂಟನ್, ಅಂದ್ರ 340 ಕೆಜಿ, ಅದಕ್ಕ ಒಂದೂವರಿ ಪಟ್ಟು ಇಟ್ಟೆ. ಎರಡು ದಿಂಡಿನ ಬುಡ ಮಸಾರಿ ನೆಲ, ಗಟ್ಟಿ. ಮೂರನೇದು ಎರಿ ಮಣ್ಣಾಗ ಬಂತು, ಗರಸು ಸಿಗೋತನ ತೋಡ್ರಿ ಅಂದಿದ್ದೆ, ಸಂಜಿ ಆತು ಅಂತ ಮೂರು ಅಡಿಗೆ ನಿಲ್ಲಿಸಿದ್ರು. ಬ್ಯಾಸಗ್ಯಾಗ ಎರಿ ಬಿರುಕು ಬಿಡ್ತೈತಿ, ಮಳಿಗೆ ಉಬ್ಬಿ ಮೆತ್ತಗಾಗ್ತೈತಿ. ಮೊದಲ್ನೇ ಮಳಿ ಆದ ಮ್ಯಾಲೆ ಹೋಗಿ ಮತ್ತ ವಿಡಿಯೋ ತಗದೆ, ಎರಡು ತಂತಿ 5 ಹಂಗ ಅದಾವು, ಎರಿ ಕಡಿದು 4 ಕ್ಕ ಇಳದಿತ್ತು. ಐದರಿಂದ ನಾಕು ಅಂದ್ರ ಏನ್ ಮಹಾ ಅನಸ್ತೈತಿ, ಆದ್ರ ವರ್ಗ ಮಾಡಿದ್ರ 1,800 ರಿಂದ 1,170, ಮೂರ್ನೇ ಒಂದು ಭಾಗ ಹೋಗೇತಿ. ಕಾಕಾ ಈ ಸರ್ತಿ ರಾಡ್ ತರ್ಲಿಲ್ಲ, ಕೈಲೆ ತಿರುವಿದ್ರು, ಮೂರು ಸುತ್ತು ಹಾಕಿ "ಎಣಿಸ್ರಿ ಸರ ಈಗ" ಅಂದ್ರು.