ಚೈನು ಹಿಡಿಯದ ನ್ಯಾಯಾಲಯ

ಮಂಡ್ಯದಲ್ಲಿ ವಕೀಲಿ ಶುರುಮಾಡಿದ ಹೊಸತರಲ್ಲಿ ವಯಸ್ಸಾದ ರೈತರೊಬ್ಬರು ಬಂದರು. ಸರ್ಕಾರದಿಂದ ಮಂಜೂರಾದ ಎರಡು ಎಕರೆಗೆ ಪೋಡಿ, ಅಂದರೆ ಅಳತೆ ಮಾಡಿ ದಾಖಲೆಯಲ್ಲಿ ಬೇರ್ಪಡಿಸುವ ಕೆಲಸ, ಮಾಡಿಸಲು ಅರ್ಜಿ ಕೊಟ್ಟು ಎರಡು ವರ್ಷವಾಗಿತ್ತು. ಕಚೇರಿಯವರು ಆಗುತ್ತದೆ ಎಂದೂ ಹೇಳಿರಲಿಲ್ಲ, ಆಗುವುದಿಲ್ಲ ಎಂದೂ ಬರೆದುಕೊಟ್ಟಿರಲಿಲ್ಲ.

“ಯಜಮಾನರೇ, ಅರ್ಜಿ ಕೊಟ್ಟ ಸ್ವೀಕೃತಿ ಎಲ್ಲಿ?” ಎಂದೆ. ಅಂಗಿಯ ಜೇಬಿನಿಂದ ಮಡಿಸಿದ ನಕಲೊಂದು ಹೊರಬಂತು. ಅದರ ಮೇಲೆ ಮೊಹರೂ ಇಲ್ಲ, ತಾರೀಖೂ ಇಲ್ಲ. ಆ ಕಾಗದ ನಂಬಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರೆ “ಇಂಥ ಅರ್ಜಿಯೇ ನಮಗೆ ಬಂದಿಲ್ಲ” ಎಂಬ ಒಂದೇ ಮಾತಿಗೆ ಪ್ರಕರಣ ಬಿದ್ದುಹೋಗುತ್ತಿತ್ತು. ಮ್ಯಾಂಡಮಸ್, ಅಂದರೆ ಅಧಿಕಾರಿ ತನ್ನ ಕರ್ತವ್ಯ ಮಾಡಬೇಕೆಂಬ ನ್ಯಾಯಾಲಯದ ಆಜ್ಞೆ, ಕೇಳುವವನು ಮೊದಲು ಅಧಿಕಾರಿಯ ಮುಂದೆಯೇ ಕೇಳಿರಬೇಕು, ಅವರು ನಿರಾಕರಿಸಿರಬೇಕು ಅಥವಾ ಸುಮ್ಮನೆ ಕುಳಿತಿರಬೇಕು. ಹಾಗಾಗಿ ಸರ್ವೆ ನಂಬರು, ಮಂಜೂರಾತಿಯ ವಿವರ, ಹಿಂದಿನ ಅರ್ಜಿಯ ಪ್ರಸ್ತಾಪ ಎಲ್ಲವನ್ನೂ ಸೇರಿಸಿ ಹೊಸ ಮನವಿ ಬರೆದೆ, ಜಮೀನು ಮಂಜೂರಾದುದಕ್ಕೆ ಕೊಟ್ಟಿದ್ದ ಸಾಗುವಳಿ ಚೀಟಿಯ ನಕಲನ್ನು ಲಗತ್ತಿಸಿ ತಹಶೀಲ್ದಾರರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಸ್ವೀಕೃತಿ ಚೀಟಿ ಮರಳಿ ಬಂತು. ಎರಡು ತಿಂಗಳು ಕಾದರೂ ಉತ್ತರ ಮಾತ್ರ ಬರಲಿಲ್ಲ.

ಸಂವಿಧಾನದ 226ನೇ ವಿಧಿಯಡಿ ಅರ್ಜಿ ತಯಾರಿಸುವಾಗ ಕೋರಿಕೆಯ ಭಾಗದಲ್ಲಿ “ಪೋಡಿ ಮಾಡಿಕೊಡುವಂತೆ ನಿರ್ದೇಶಿಸಬೇಕು” ಎಂದು ಬರೆದಿದ್ದೆ. ಬೆಂಗಳೂರಿನಲ್ಲಿ ಕರಡು ನೋಡಿದ ಹಿರಿಯ ವಕೀಲರು ಆ ಸಾಲನ್ನು ಹೊಡೆದುಹಾಕಿದರು. “ಹೈಕೋರ್ಟು ಅಳತೆಯ ಚೈನು ಹಿಡಿದುಕೊಂಡು ಹೊಲಕ್ಕೆ ಇಳಿಯುವುದಿಲ್ಲಪ್ಪ. ನಿರ್ಧರಿಸಿ ಎಂದು ಹೇಳುತ್ತದೆ, ಹೀಗೆಯೇ ನಿರ್ಧರಿಸಿ ಎಂದು ಹೇಳುವುದಿಲ್ಲ.” ಜಮೀನಿನ ಹಕ್ಕು, ಅಳತೆ ಪರಿಶೀಲಿಸಬೇಕಾದವರು ಅಧಿಕಾರಿ, ಆ ಕೆಲಸ ಮಾಡದೆ ಇರುವುದಕ್ಕೆ ಮಾತ್ರ ನಮ್ಮ ತಕರಾರು. “ಮನವಿಯನ್ನು ಕಾನೂನಿನಂತೆ ಪರಿಗಣಿಸಿ, ಕಾಲಮಿತಿಯೊಳಗೆ ಆದೇಶ ಹೊರಡಿಸಬೇಕು” ಎಂದು ತಿದ್ದಿದೆವು.

ಇಷ್ಟು ಸಣ್ಣ ಕೋರಿಕೆಗೆ ಸರ್ಕಾರಿ ವಕೀಲರಿಗೂ ವಿರೋಧಿಸುವಂಥದ್ದೇನೂ ಉಳಿದಿರಲಿಲ್ಲ. ಆದೇಶದ ಪ್ರತಿ ತಲುಪಿದ ದಿನದಿಂದ ಎಂಟು ವಾರದೊಳಗೆ ನಿರ್ಧರಿಸಬೇಕೆಂದು ಆದೇಶವಾಯಿತು. “ತಲುಪಿದ ದಿನದಿಂದ” ಎಂಬುದನ್ನು ಗಮನಿಸಬೇಕು. ಗೆದ್ದೆವೆಂದು ಮನೆಯಲ್ಲಿ ಕುಳಿತರೆ ಆ ಎಂಟು ವಾರ ಶುರುವಾಗುವುದೇ ಇಲ್ಲ. ದೃಢೀಕೃತ ಪ್ರತಿ ಪಡೆದು ನಾನೇ ಕಚೇರಿಗೆ ಹೋಗಿ ಕೊಟ್ಟು, ನನ್ನ ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆ. ಮುಂದೆ ನ್ಯಾಯಾಂಗ ನಿಂದನೆಗೆ ಹೋಗಬೇಕಾಗಿ ಬಂದರೂ ಲೆಕ್ಕ ಹಿಡಿಯುವುದು ಆ ಮೊಹರಿನಿಂದಲೇ.

ಏಳನೆಯ ವಾರದಲ್ಲಿ ಹಿಂಬರಹ ಬಂತು: ಮೂಲ ಮಂಜೂರಾತಿ ಕಡತ ಲಭ್ಯವಿಲ್ಲವಾದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ.

“ಸೋತೆವಾ ಸ್ವಾಮಿ?” ಎಂದರು ಯಜಮಾನರು, ಕಾಗದವನ್ನು ತಿರುಗಿಸಿ ತಿರುಗಿಸಿ ನೋಡುತ್ತಾ. ಇಲ್ಲ ಎಂದೆ. ಎರಡು ವರ್ಷ ಅವರ ಎದುರಿಗಿದ್ದದ್ದು ಬರೀ ಮೌನ. ಮೌನವನ್ನು ಪ್ರಶ್ನಿಸಿ ಮೇಲ್ಮನವಿ ಹಾಕಲಾಗುವುದಿಲ್ಲ. ಈಗ ಸಹಿ, ತಾರೀಖು, ಕಾರಣ ಮೂರೂ ಇರುವ ಕಾಗದ ಕೈಯಲ್ಲಿದೆ. ಕಡತ ಕಾಪಾಡಬೇಕಾದವರು ಅವರು, ಸಾಗುವಳಿ ಚೀಟಿಯ ಮೂಲಪ್ರತಿ ಯಜಮಾನರ ಟ್ರಂಕಿನಲ್ಲಿ ಭದ್ರವಾಗಿದೆ. ಮರುದಿನ ಅದನ್ನು ತರಲು ಹೇಳಿ ಕಳಿಸಿದೆ.