ಹಿರಿಯ ಗ್ರಾಹಕರಿಗೆ ಬಾಕಿ ಕೇಳುವ ಪತ್ರ: ನನ್ನ ಅನುಭವ

ನಮ್ಮ ಹಳೆಯ ಗ್ರಾಹಕರಲ್ಲಿ ಎಪ್ಪತ್ತು ದಾಟಿದವರೇ ಹೆಚ್ಚು, ಅವರಿಂದ ಬರಬೇಕಿದ್ದ ಬಾಕಿ ಒಂದು ಹಂತದಲ್ಲಿ ಸುಮಾರು ನಾಲ್ಕು ಲಕ್ಷ ರೂಪಾಯಿ ಮುಟ್ಟಿತ್ತು. ಕಚೇರಿಯ ಪತ್ರಗಳು ‘ಪ್ರೀತಿಯ ಗ್ರಾಹಕರೇ’ ಎಂದು ಆರಂಭವಾಗಿ ‘ಏಳು ದಿನದೊಳಗೆ ಪಾವತಿಸಿ’ ಎಂದು ಮುಗಿಯುತ್ತಿದ್ದವು. ಹಣ ಬರಲಿಲ್ಲ, ಒಬ್ಬ ಹಿರಿಯರಂತೂ ಆರ್ಡರನ್ನೇ ನಿಲ್ಲಿಸಿದರು. ಪತ್ರದ ಧಾಟಿಯನ್ನು ನಾನು ಬದಲಿಸುತ್ತೇನೆ ಎಂದಾಗ, ಒಕ್ಕಣೆಯಿಂದ ಬಾಕಿ ವಸೂಲಾಗುತ್ತದೆಯೇ ಎಂದು ಸಹೋದ್ಯೋಗಿಗಳು ಅನುಮಾನಿಸಿದರು.

ಸಂಬೋಧನೆಗೆ ‘ಮಾನ್ಯರೇ’ ಎಂಬುದೊಂದೇ ಸಾಕು. ಕೆಲವರಿಗೆ ‘ಪೂಜ್ಯರೇ’ ಎಂದೂ ಬರೆದು ನೋಡಿದೆ. ಅದು ಗುರುಗಳಿಗೆ, ಮನೆಯ ಹಿರಿಯರಿಗೆ ಸಲ್ಲುವ ಮಾತಾದ್ದರಿಂದ, ಹಣ ಕೇಳುವ ಪತ್ರದಲ್ಲಿ ಮುಖಸ್ತುತಿಯಂತೆ ಕಂಡಿತು. ವಿಳಾಸದಲ್ಲಿ ‘ಶ್ರೀಯುತ’ ಇರಲಿ, ಆದರೆ ಮೇಲೆ ‘ಇವರಿಗೆ’ ಎಂದಿದ್ದರೆ ಹೆಸರಿನ ಮುಂದೆ ಮತ್ತೆ ‘ಅವರಿಗೆ’ ಬೇಡ.

ನಿಜವಾದ ತೊಡಕು ಒಡಲಿನಲ್ಲಿದೆ. ‘ತಾವು’ ಎಂದು ಆರಂಭಿಸಿದವರು ಮೂರನೆಯ ಸಾಲಿಗೆ ‘ನಿಮ್ಮ ಬಿಲ್ಲು’ ಎಂದು ಜಾರುತ್ತಾರೆ, ಹಿರಿಯರ ಕಣ್ಣಿಗೆ ಅದು ಮೊದಲು ಬೀಳುತ್ತದೆ. ಹಾಗೆಂದು ಎಲ್ಲೆಡೆ ‘ತಮ್ಮ’ ಎಂದು ತುಂಬಿದರೂ ಕಷ್ಟ: ‘ನಮ್ಮ ಪ್ರತಿನಿಧಿಗಳು ತಮ್ಮ ಕಚೇರಿಯಲ್ಲಿ ಲೆಕ್ಕ ತೋರಿಸಿದರು’ ಎಂದರೆ ಕಚೇರಿ ಯಾರದ್ದು? ಇಂಥಲ್ಲಿ ನಾನು ‘ನಮ್ಮ ಪ್ರತಿನಿಧಿಗಳು ತಮ್ಮನ್ನು ಕಂಡು ಲೆಕ್ಕ ತೋರಿಸಿದರು’ ಎಂದು ವಾಕ್ಯವನ್ನೇ ತಿರುಗಿಸುತ್ತೇನೆ.

ಬಾಕಿಯ ಮಾತನ್ನು ಕೊನೆಗೆ ಹೀಗೆ ನಿಲ್ಲಿಸಿದೆ: ‘ಉಲ್ಲೇಖಿತ ಬಿಲ್ಲಿನ ಬಾಬ್ತು ರೂ. 38,500 ನಮ್ಮ ಲೆಕ್ಕದಲ್ಲಿ ಬಾಕಿ ಕಾಣುತ್ತಿದೆ. ತಮ್ಮ ಲೆಕ್ಕದೊಂದಿಗೆ ತಾಳೆ ನೋಡಿ, ಈ ತಿಂಗಳ ಕೊನೆಯೊಳಗೆ ಕಳುಹಿಸಿಕೊಡಬೇಕಾಗಿ ಕೋರುತ್ತೇವೆ.’ ‘ತಾವು ಪಾವತಿಸಿಲ್ಲ’ ಎಂಬ ಆರೋಪ ಇಲ್ಲಿಲ್ಲ, ಗಡುವು ಮಾತ್ರ ಸಡಿಲವಾಗಿಲ್ಲ. ಗಡುವನ್ನೂ ಬಿಟ್ಟು ಬರೆದ ಪತ್ರಗಳಿಗೆ ಸೌಜನ್ಯದ ಉತ್ತರ ಬಂತು, ಚೆಕ್ಕು ಬರಲಿಲ್ಲ.

ಮುಕ್ತಾಯಕ್ಕೆ ‘ವಂದನೆಗಳೊಂದಿಗೆ’, ಕೆಳಗೆ ‘ಇಂತಿ ತಮ್ಮ ವಿಶ್ವಾಸಿ’. ‘ವಿಧೇಯ’ ಎಂಬುದು ಅಧಿಕಾರಿಗೆ ಅಧೀನರು ಬರೆಯುವಾಗ ಹೊಂದುತ್ತದೆ. ವ್ಯಾಪಾರದಲ್ಲಿ ಅಷ್ಟು ಬಾಗಬೇಕಿಲ್ಲ. ಒಡಲಿನಲ್ಲಿ ‘ಕೋರುತ್ತೇವೆ’ ಎಂದಿದ್ದರೆ ಕೊನೆಗೆ ‘ವಿಶ್ವಾಸಿಗಳು’ ಎಂದೇ ಆಗಬೇಕು, ಸಹಿಯ ಮೇಲೆ ಸಂಸ್ಥೆಯ ‘ಪರವಾಗಿ’ ಎಂದು ಬರಬೇಕು.

ಎರಡು ಮೂರು ತಿಂಗಳಲ್ಲಿ ಬಾಕಿಯ ಮುಕ್ಕಾಲು ಪಾಲು ಬಂತು, ಆರ್ಡರು ನಿಲ್ಲಿಸಿದ್ದವರೂ ಮರಳಿದರು. ಈಗ ಅನುಮಾನಿಸಿದವರೇ ತಮ್ಮ ಕರಡುಗಳನ್ನು ನನಗೆ ತೋರಿಸುತ್ತಾರೆ. ಉಳಿದ ಕಾಲು ಪಾಲಿನಲ್ಲಿ ಹೆಚ್ಚಿನವು ಸರಕಿನ ಗುಣಮಟ್ಟದ ತಕರಾರುಗಳು; ಅಂಥವರಿಗೆ ಯಾವ ಒಕ್ಕಣೆಯೂ ನಾಟುವುದಿಲ್ಲ, ಮೊದಲು ತಕರಾರಿಗೆ ಉತ್ತರ ಬರೆದು ಬಾಕಿಯ ಪತ್ರವನ್ನು ಬೇರೆಯಾಗಿ ಕಳುಹಿಸಬೇಕು.